ಮುನ್ನೂರು ಗ್ರಾಂ ಈಸ್ಟ್

ನಾನು ನಿಂತಿದ್ದು ಶಹಾಪುರದ ನಮ್ಮ ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟು ಕಲಸುವ ಮಶೀನಿನ ಎಡಕ್ಕೆ, ತೂಕದ ಕಾಟಾದಿಂದ ಎರಡು ಹೆಜ್ಜೆ ದೂರದಲ್ಲಿ. ನಾಲ್ಕು ಬೇಸಿಗೆಗಳ ಹಿಂದಿನ ಏಪ್ರಿಲ್ ತಿಂಗಳು, ಸೋಮವಾರ. ಗೋಡೆಯ ಗಡಿಯಾರದಲ್ಲಿ ಎಂಟೂ ಹತ್ತು. ಗಡಿಯಾರ ಐದು ನಿಮಿಷ ಮುಂದಿತ್ತು. ಆದ್ದರಿಂದ ಎಂಟೂ ಐದು ಎಂದೇ ಬರೆಯುತ್ತೇನೆ.

ನನ್ನ ಎದುರಿಗೆ, ಕಿಟಕಿಯ ಕೆಳಗೆ, ಟೋಸ್ಟ್ ಪ್ಯಾಕ್ ಮಾಡುತ್ತ ಗೋಗಿಯ ಅಕ್ಕ ಕೂತಿದ್ದಳು. ಅವಳು ದಿನಾ ಬೆಳಿಗ್ಗೆ ಶೇರ್ ಆಟೋದಲ್ಲಿ ಗೋಗಿ ಎಂಬ ಊರಿನಿಂದ ಬರುವವಳು. ಮನೆಯಲ್ಲಿ ಕುರಿಗಳಿವೆ, ಮಳೆ ನಂಬಿದ ಸ್ವಲ್ಪ ಖುಷ್ಕಿ ಹೊಲವಿದೆ. ನಮ್ಮ ಮಾಸ್ಟರ್, ಎಂದರೆ ಬೇಕರಿಯ ಮುಖ್ಯ ಕೆಲಸಗಾರರು, ಆಗ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. ಸುರಪುರದ ಕಡೆಯ ಒಂದು ಹಳ್ಳಿಯವರು, ಎಪ್ಪತ್ತರ ಹತ್ತಿರದ ವಯಸ್ಸು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಖ ಗುರುತಾಗುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಕಂಡಿದ್ದರೂ ಅವರಿಗೆ ಓದು ಬರುತ್ತಿರಲಿಲ್ಲ. ಅವರ ಲೆಕ್ಕವೆಲ್ಲ ಬೆರಳಲ್ಲಿತ್ತು.

ಆ ಲೆಕ್ಕವನ್ನು ಅವರು ಹೇಳಿದಂತೆ ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದವನು ನಾನು. ಪಾವ್: ಮೈದಾ ಹದಿನೈದು ಕೆಜಿ, ಈಸ್ಟ್ ಮುನ್ನೂರು ಗ್ರಾಂ, ಉಪ್ಪು, ಸಕ್ಕರೆ, ಎಣ್ಣೆ, ನೀರು. ಯಾವ ಈಸ್ಟ್ ಎಂದು ಬರೆದಿರಲಿಲ್ಲ. ಬರೆಯಬೇಕೆಂದು ತೋಚಿರಲೇ ಇಲ್ಲ. ನಮಗೆ ಗೊತ್ತಿದ್ದದ್ದು ಒಂದೇ ಈಸ್ಟ್: ಹೈದರಾಬಾದಿನಿಂದ ಬರ್ಫ್, ಎಂದರೆ ಐಸ್, ತುಂಬಿದ ಡಬ್ಬಿಯಲ್ಲಿ ಯಾದಗಿರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಮಗೆ ಮುಟ್ಟುವ ಹಸಿ ಈಸ್ಟ್. ಸಾಬೂನಿನ ಹಾಗೆ ಅರ್ಧ ಕೆಜಿಯ ಗಟ್ಟಿ, ಬಣ್ಣ ಕೆನೆಯದು, ಬೆರಳಿಟ್ಟರೆ ಪುಡಿಯಾಗುವಂಥದ್ದು.

ಆ ವಾರ ಅದು ಬರಲಿಲ್ಲ. ಬಿಸಿಲಿಗೆ ದಾರಿಯಲ್ಲೇ ಕೆಡುತ್ತದೆಂದು ಯಾದಗಿರಿಯ ಏಜೆಂಟ್ ತರಿಸುವುದನ್ನು ನಿಲ್ಲಿಸಿ, ಬದಲಿಗೆ ಈಸ್ಟಿನ ಒಂದು ಅರ್ಧ ಕೆಜಿಯ ಪ್ಯಾಕೆಟನ್ನೂ ಒಂದು ಟಿನ್ನನ್ನೂ ಕಳಿಸಿದ್ದ. ಪ್ಯಾಕೆಟ್ ಗಾಳಿ ಎಳೆದು ಬಿಗಿದದ್ದು, ಹಸಿ ಈಸ್ಟಿನ ಗಟ್ಟಿಯಷ್ಟೇ ಗಾತ್ರ, ಅಷ್ಟೇ ತೂಕ. ಕತ್ತರಿಸಿದಾಗ ಒಳಗೆ ಸಣ್ಣ ರವೆಯಂಥ ಕಂದು ಪುಡಿ. ಅದೇ ಅರ್ಧ ಕೆಜಿ, ಅದೇ ಈಸ್ಟ್, ಪುಡಿ ಮಾಡಿ ಕಳಿಸಿದ್ದಾರೆ ಎಂದುಕೊಂಡೆ. ಕಾಟಾದ ಮೇಲೆ ಮುನ್ನೂರು ಗ್ರಾಂ ತೂಗಿ ಮೈದಾಕ್ಕೆ ಹಾಕಿದೆ.

ಚಹಾ ಮುಗಿಸಿ ಬಂದ ಕಾಕಾ ಬಾಗಿಲಲ್ಲೇ ಕೇಳಿದರು.

"ಈಸ್ಟ್ ಮುನ್ನೂರು ಹಾಕಿದ್ಯೇನೋ?"

"ಹಾಕೀನ್ರಿ ಕಾಕಾ. ಬರಾಬ್ಬರಿ ಮುನ್ನೂರು."

ಇದು ಸುಳ್ಳಲ್ಲ. ಆದರೆ ಯಾವುದು ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.

ಒಂದು ಗಂಟೆ ಬಿಡಬೇಕಾದ ಹಿಟ್ಟು ಇಪ್ಪತ್ತು ನಿಮಿಷದಲ್ಲಿ ತೊಟ್ಟಿಯ ಅಂಚಿಗೆ ಬಂತು. ಕಾಕಾ ಅಂಗೈಯಿಂದ ಗುದ್ದಿ ಇಳಿಸಿದರು. ನಾವು ಉಂಡೆ ಕಟ್ಟುವಷ್ಟರಲ್ಲಿ ಮತ್ತೆ ಎದ್ದಿತ್ತು. ಟ್ರೇಗೆ ಜೋಡಿಸಿದ ಪಾವುಗಳು ಒಂದರ ಮೇಲೊಂದು ಬಿದ್ದು, ಮೇಲ್ಮೈಯೆಲ್ಲ ಗುಳ್ಳೆಯಾಯಿತು. ಹೆಂಡದಂಗಡಿಯ ಮುಂದೆ ಬರುವಂಥ ಹುಳಿ ವಾಸನೆ ಬಂತು. ಭಟ್ಟಿಗೆ ಇಟ್ಟಾಗ ಒಮ್ಮೆ ಉಬ್ಬಿದವು, ಮರುಕ್ಷಣ ಕುಸಿದವು. ಹೊರಗೆ ಬಂದದ್ದು ಸುಕ್ಕುಗಟ್ಟಿದ, ಬಣ್ಣವಿಲ್ಲದ ತುಣುಕುಗಳು. ಮುರಿದರೆ ಒಳಗೆ ದೊಡ್ಡ ದೊಡ್ಡ ತೂತು.

ಸಾವ್ಕಾರರು, ಎಂದರೆ ಬೇಕರಿಯ ಮಾಲೀಕರು, ಒಂದನ್ನು ಮುರಿದು ಮೂಸಿ ಟ್ರೇಗೆ ಎಸೆದರು.

"ಏನ್ರಿ ಮಾಸ್ಟರ್, ಪಾವ್ ಮಾಡೀರೋ ಸೆರೆ ಇಳಿಸೀರೋ?"

ಕಾಕಾ ಒಂದು ತುಣುಕನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದಂತೆ ಸಾವ್ಕಾರರು ಮುಂದುವರಿಸಿದರು.

"ಹೋದ್ ವಾರ ಉಪ್ಪು ಮರ್ತ್ರಿ. ಈ ವಾರ ಇದು. ಬುಧವಾರ ನಾರಾಯಣಪುರಕ್ಕ ಎಂಟ್ನೂರು ಪಾವ್ ಹೋಗಬೇಕು. ಕ್ವಾರ್ಟರ್ಸಿನ್ಯಾಗ ಮದಿವಿ ಅದ, ಗೊತ್ತದನೋ ಇಲ್ಲೋ? ಅದೂ ಹಿಂಗ ಆದ್ರ ನಾ ಸುರಪುರದ ಹೊಸ ಮಾಸ್ಟರ್‌ನ ಕರಸ್ತೀನ್ರಿ. ನೀವು ಮನಿಗಿ ಹೋಗಿ ಆರಾಮ ಇರ್ರಿ."

ಉಪ್ಪು ಮರೆತದ್ದು ನಿಜ. ಈ ಸಲದ್ದು ಅವರದಲ್ಲ. ನಾನು ಕಾಟಾದ ಪಕ್ಕ ನಿಂತೇ ಇದ್ದೆ.

ಸಾವ್ಕಾರರು ಹೋದ ಮೇಲೆ ಕಾಕಾ ಮೈದಾ ಚೀಲದ ಮೇಲೆ ಕೂತರು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು. "ನಾ ನಿನಗ ಮುನ್ನೂರು ಅಂತನೇ ಹೇಳಿನ್ಯಾ? ಒಂಬೈನೂರು ಅಂದಿಲ್ಲಲ್ಲ? ಈ ಹಿಟ್ಟು ಒಂಬೈನೂರು ಹಾಕಿದಂಗ ಎದ್ದದ. ನನ್ನ ಬಾಯಾಗ ಏನ್ ಬಂತೋ ನನಗೇ ಖಬರಿಲ್ಲ."

ಒಂಬೈನೂರು. ಕೈಯಿಂದ ಹಿಟ್ಟು ಮುಟ್ಟಿ ಅವರು ಹೇಳಿದ ಅಂದಾಜು ಎಷ್ಟು ಸರಿ ಇತ್ತೆಂದು ನನಗೆ ತಿಳಿದದ್ದು ಸಂಜೆ. ಆ ಹೊತ್ತಿನಲ್ಲಿ ನನಗೆ ಕಂಡದ್ದು ಒಂದೇ: ಅವರು ತಮ್ಮ ತಲೆಯ ಮೇಲೆ ತಾವೇ ಸಂಶಯಪಡುತ್ತಿದ್ದಾರೆ. "ಇಲ್ರಿ ಕಾಕಾ, ಮುನ್ನೂರೇ ಅಂದ್ರಿ," ಎಂದೆ. ಪ್ಯಾಕೆಟ್ ಬದಲಾದದ್ದನ್ನು ಹೇಳದೆ ಟ್ರೇ ತೊಳೆಯಲು ಹೋದೆ.

ಗೋಗಿಯ ಅಕ್ಕ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನಗೂ ಅರ್ಧ ರೊಟ್ಟಿ ಕೊಟ್ಟು, ತಲೆ ಎತ್ತದೆ ಹೇಳಿದಳು.

"ತಮ್ಮಾ, ನೀ ಯಾ ಪಾಕೀಟಿನಿಂದ ತೂಗಿದಿ ನಾ ನೋಡೀನಿ. ದಿನಾ ಹಾಕೋ ಬೆಣ್ಣಿಯಂಥದು ಅಲ್ಲದು."

"ಅದೂ ಈಸ್ಟೇ ಅದ ಅಕ್ಕ. ಒಣಗಿಸ್ಯಾರ ಅಷ್ಟ."

"ಒಣಗಿಸ್ಯಾರ?" ಅವಳು ನಕ್ಕೇಬಿಟ್ಟಳು. "ನಮ್ಮ ಹೊಲದಾಗ ಹಸಿ ಮೆಣಸಿನಕಾಯಿ ಹತ್ತು ಕಿಲೋ ಹರ್ಕೊಂಡು ಬಂದು ಮಾಳಿಗಿ ಮ್ಯಾಲ ಹರವ್ತೀವಿ. ಒಣಗಿದ ಮ್ಯಾಲ ಹತ್ತು ಕಿಲೋನೇ ಉಳೀತದೇನು? ಹತ್ತು ಕಿಲೋ ಹಸಿ ಮೆಣಸಿನಕಾಯಿ ಹಾಕೋ ಕಡಿ ನೀ ಹತ್ತು ಕಿಲೋ ಒಣಾದು ಹಾಕಿದಿ. ಬಾಯಿ ಸುಡಲಾರ್ದೆ ಬಿಡ್ತದೇನು?"

ನಾನು ರೊಟ್ಟಿ ಕೆಳಗಿಟ್ಟೆ. ಇಷ್ಟು ವರ್ಷ ಹಿಟ್ಟಿನಲ್ಲಿ ಕೈ ಇಟ್ಟವನಿಗೆ ಹೊಳೆಯದ ಮಾತು. ಆ ಅರ್ಧ ಕೆಜಿ ಗಟ್ಟಿಯಲ್ಲಿ ನೀರು ಎಷ್ಟು ಎಂದು ನಾನು ಎಂದೂ ಯೋಚಿಸಿರಲಿಲ್ಲ.

"ಎಷ್ಟು ಉಳೀತದ ಅಂತ ಗೊತ್ತಾಗೂದು ಹೆಂಗ?"

"ಬಿಸಲಿಗಿ ಇಡು. ಶಹಾಪುರದಾಗ ಬಿಸಲಿಗಿ ಬರ ಅದೇನು?"

ಫ್ರಿಜ್ಜಿನಲ್ಲಿ ಹಸಿ ಈಸ್ಟಿನ ಕೊನೆಯ ತುಣುಕು ಉಳಿದಿತ್ತು. ಬಣ್ಣ, ಎಸೆನ್ಸ್ ತೂಗುವ ಚಿಕ್ಕ ಕಾಟಾದ ಮೇಲೆ ಮೂವತ್ತು ಗ್ರಾಂ ಇಟ್ಟೆ. ಅಕ್ಕ ಅದನ್ನು ಉಗುರಿನಿಂದ ಹುಡಿಮಾಡಿ ತಗಡಿನ ಟ್ರೇ ಮೇಲೆ ತೆಳ್ಳಗೆ ಹರಡಿದಳು, ಮೇಲೆ ಜಾಳಿಗೆಯ ಬಟ್ಟೆ ಮುಚ್ಚಿದಳು. ಟ್ರೇ ಮಾಳಿಗೆಯ ಮೇಲೆ ಬಿಸಿಲಿಗೆ ಹೋಯಿತು. ಅಂಥ ಬಿಸಿಲಿಗೆ ಈಸ್ಟ್ ಸಾಯುತ್ತದೆ ಎಂದು ಈಗ ಗೊತ್ತು. ಅವತ್ತು ನಮಗೆ ಬೇಕಿದ್ದದ್ದು ಅದರ ಜೀವವಲ್ಲ, ತೂಕ.

ಐದು ಗಂಟೆಗೆ ಇಳಿಸಿ ತಂದೆವು. ಕಾಕಾ ಪಕ್ಕದಲ್ಲೇ ಇದ್ದರು. ಕಾಟಾದ ಅಂಕಿ ಒಂಬತ್ತಕ್ಕೂ ಹತ್ತಕ್ಕೂ ನಡುವೆ ಹೊಯ್ದಾಡಿ ಹತ್ತಕ್ಕೆ ನಿಂತಿತು. ಮೂವತ್ತು ಹತ್ತಾಗಿತ್ತು. ಹಾಗಾದರೆ ನಮ್ಮ ಮುನ್ನೂರಕ್ಕೆ ಈ ಪುಡಿ ನೂರು ಗ್ರಾಂ ಸಾಕು. ನಾನು ಹಾಕಿದ್ದ ಮುನ್ನೂರು, ಹಸಿಯ ಒಂಬೈನೂರಕ್ಕೆ ಸಮ.

ಆಗ ಹೇಳಿದೆ. ಕಾಕಾಗೆ, ಅಕ್ಕನ ಎದುರಿಗೆ. ಪ್ಯಾಕೆಟ್ ಬೇರೆಯದಿತ್ತು, ನಾನೇ ತೂಗಿದೆ, ಸಾವ್ಕಾರರು ನಿಮ್ಮನ್ನು ಬೈಯುವಾಗ ಸುಮ್ಮನೆ ನಿಂತೆ ಎಂದು.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡು ದೊಡ್ಡದಾಗಿ ಉಸಿರು ಬಿಟ್ಟರು.

"ಅಂದ್ರ ನನ್ನ ತಲಿ ನೆಟ್ಟಗದ."

"ಅದರಿ ಕಾಕಾ."

"ಮತ್ತ ಇಷ್ಟೊತ್ತು ಯಾಕ ಹೇಳ್ಲಿಲ್ಲಲೇ ಭಾಡ್ಯಾ? ಮಧ್ಯಾಹ್ನ ಊಟ ಸೈತ ಮಾಡಿಲ್ಲ ನಾ." ಅಕ್ಕನ ಕಡೆ ತಿರುಗಿ, "ನಿನ್ನ ಬುತ್ತ್ಯಾಗ ಏನಾರ ಉಳದದೇನವ್ವ?" ಎಂದರು.

ನಾನು ಆಗಲೇ ಸಾವ್ಕಾರರ ಹತ್ತಿರ ಹೋಗುತ್ತೇನೆ ಎಂದೆ. ಅವರು ನನ್ನ ಅಂಗಿ ಹಿಡಿದು ಕೂರಿಸಿದರು. "ಈಗ ಬ್ಯಾಡ. ಸಿಟ್ಟಿನ್ಯಾಗ ಅದಾರ, ನಿನ್ನೂ ಓಡಸ್ತಾರ. ನಿನಗ ಸಣ್ಣ ಮಕ್ಕಳದಾವ. ಮೊದ್ಲ ಪಾವ್ ಸುದ್ದ ಆಗಲಿ."

ಮಂಗಳವಾರ ನೂರು ಗ್ರಾಂ ಹಾಕಿ ದಿನದ ಹಿಟ್ಟು ಕಲಸಿದೆವು. ಕಾಕಾ ಒಂದು ಮುಷ್ಟಿ ಹಿಚುಕಿ ನೋಡಿದರು. "ಬಿಗಿ ಅದ. ಹಸಿ ಈಸ್ಟಿನ್ಯಾಗ ಇದ್ದ ನೀರು ಇದರಾಗ ಬಂದಿಲ್ಲಲ್ಲ. ಒಂದು ಗಲಾಸ್ ಹೊಯ್ಯಿ." ಸರಿಯಾಗಿ ಇನ್ನೂರು ಗ್ರಾಂ ಕಡಿಮೆಯಾಗಿತ್ತು, ಅವರು ಹೊಯ್ಯಿಸಿದ ಸ್ಟೀಲ್ ಗ್ಲಾಸು ಹಿಡಿಯುವುದೂ ಇನ್ನೂರು. ನಾನು ಆಮೇಲೆ ಅಳೆದು ನೋಡಿದೆ. ಹಿಟ್ಟು ತನ್ನ ಹೊತ್ತಿಗೆ ಎದ್ದಿತು. ಪಾವ್ ಮೆತ್ತಗೆ, ಮೇಲೆ ಜೇನಿನ ಬಣ್ಣಕ್ಕೆ ಬಂದವು. ಸಾವ್ಕಾರರು ಒಂದನ್ನು ಚಹಾದಲ್ಲಿ ಅದ್ದಿ ತಿಂದು, "ನಾಳಿಂದು ನೋಡಮು," ಎಂದು ಎದ್ದು ಹೋದರು. ಒಂದು ದಿನದ ಪಾವ್ ನೋಡಿ ಮಾತು ಬದಲಿಸುವವರಲ್ಲ ಅವರು.

ಬುಧವಾರ ಎರಡು ಸಲ ಕಲಸಬೇಕಿತ್ತು. ನಾಲ್ಕು ಗಂಟೆಗೆ ನಾರಾಯಣಪುರದ ಟೆಂಪೋ. ಮೊದಲ ಹದಿನೈದು ಕೆಜಿಗೆ ಪ್ಯಾಕೆಟಿನ ಕೊನೆಯ ನೂರು ಗ್ರಾಂ ಖರ್ಚಾಯಿತು. ಎರಡನೆಯದಕ್ಕೆ ಟಿನ್ ತೆಗೆದೆ. ಒಳಗೆ ಇನ್ನೊಂದು ತರಹ: ಗಸಗಸೆಗಿಂತ ಸ್ವಲ್ಪ ದಪ್ಪನೆಯ ದುಂಡು ಕಾಳು. ಈ ಸಲ ನಾನು ಜಾಣನಾಗಿದ್ದೆ ಎಂದುಕೊಂಡಿದ್ದೆ. ಒಣಗಿದ್ದಕ್ಕೆ ಮೂರರಲ್ಲಿ ಒಂದು. ನೂರು ಗ್ರಾಂ ತೂಗಿ, ಹಿಂದಿನ ದಿನದ ಹಾಗೇ ನೇರ ಮೈದಾಕ್ಕೆ ಹಾಕಿ, ಬರ್ಫ್ ಹಾಕಿದ ನೀರು ಹೊಯ್ದೆ. ನಮ್ಮಲ್ಲಿ ಬೇಸಿಗೆಯಲ್ಲಿ ಹಿಟ್ಟು ಕಲಸುವುದೇ ಬರ್ಫಿನ ನೀರಲ್ಲಿ. ಇಲ್ಲವಾದರೆ ಮಶೀನಿನ ಕಾವಿಗೆ ಹಿಟ್ಟು ತೊಟ್ಟಿಯಲ್ಲೇ ಹುಳಿಯಾಗುತ್ತದೆ. ಕಾಕಾ ಮೊದಲಿನ ಪಾವುಗಳೊಂದಿಗೆ ಭಟ್ಟಿಯ ಬಾಯಲ್ಲಿದ್ದರು.

ಗಡಿಯಾರ ತಿದ್ದಿ ಹೇಳುತ್ತೇನೆ: ಒಂಬತ್ತೂಕಾಲಿಗೆ ಕಲಸಿದ್ದು, ಹತ್ತೂವರೆಗೆ ನೋಡಿದರೆ ಇಟ್ಟ ಹಾಗೇ ಇತ್ತು. ಒಂದು ಬೆರಳು ಎದ್ದಿರಲಿಲ್ಲ. ಮುಟ್ಟಿದರೆ ತಣ್ಣಗೆ, ಅಂಟಂಟು. ಅಲ್ಲಲ್ಲಿ ಕಂದು ಚುಕ್ಕೆಗಳು ಹಾಗೇ ಕಾಣುತ್ತಿದ್ದವು.

ಸಾವ್ಕಾರರು ಅದೇ ಹೊತ್ತಿಗೆ ಒಳಗೆ ಬಂದರು. ತೊಟ್ಟಿ ನೋಡಿದರು. ಮೊಬೈಲ್ ತೆಗೆದು ಸುರಪುರಕ್ಕೆ ಫೋನ್ ಹಚ್ಚಿದರು.

"ಹಾಂ ಮಾಸ್ಟರ್, ನಾಳಿಗಿ ಬಂದುಬಿಡ್ರಿ. ಇಲ್ಲಿ ಮುದುಕರಿಗಿ ಕೈಯೂ ಇಲ್ಲ, ಖಬರೂ ಇಲ್ಲ."

ಕಾಕಾ ಭಟ್ಟಿಯ ಮುಂದಿಂದ ತಿರುಗಿ ನಿಂತದ್ದನ್ನು ನೋಡಿದೆ. ಕೈಯಲ್ಲಿ ಭಟ್ಟಿಯಿಂದ ಟ್ರೇ ಎಳೆಯುವ ಉದ್ದನೆಯ ಸಲಾಕೆ ಇತ್ತು. ಅದನ್ನು ಗೋಡೆಗೆ ಒರಗಿಸಿಟ್ಟರು. ಬಹಳ ಜೋಪಾನವಾಗಿ, ಇನ್ನು ಅದು ಬೇರೆಯವರದು ಎಂಬಂತೆ.

ನನಗೆ ಮಾತು ಬಂತು. ಧೈರ್ಯದಿಂದ ಬಂತೆಂದು ಹೇಳಲಾರೆ. ಆ ಸಲಾಕೆ ನೋಡಲಾಗಲಿಲ್ಲ, ಅಷ್ಟೇ.

"ಸಾವ್ಕಾರ್ರ, ಫೋನ್ ಇಡ್ರಿ. ಇದು ನಾ ಮಾಡಿದ್ದು. ಸೋಮವಾರದ್ದೂ ನಾನೇ. ಹಸೀದು ಮುನ್ನೂರು ಅಂದ್ರ ನಾ ಒಣಾದು ಮುನ್ನೂರು ಹಾಕಿನಿ. ರಟ್ಟಿನ ಮ್ಯಾಲ ಯಾವ ಈಸ್ಟ್ ಅಂತ ಬರೀಲಾರ್ದವನೂ ನಾನೇ. ಕಾಕಾಂದು ಏನೂ ಗಲತ್ ಇಲ್ಲ. ಓಡಸೂದಿದ್ರ ನನ್ನ ಓಡಸ್ರಿ."

ಕಿಟಕಿಯ ಕೆಳಗಿಂದ ಗೋಗಿಯ ಅಕ್ಕ ಹೇಳಿದಳು. "ಖರೇ ಹೇಳ್ತಾನ್ರಿ ಸಾವ್ಕಾರ್ರ. ನಾ ಕಣ್ಣಾರೆ ನೋಡೀನಿ."

ಸಾವ್ಕಾರರು ಫೋನನ್ನು ಕಿವಿಯಿಂದ ತೆಗೆದರು. ಆದರೆ ಕಟ್ ಮಾಡಲಿಲ್ಲ. "ಅದು ಸೋಮವಾರದ ಮಾತು. ಈಗಿನ ಹಿಟ್ಟು ಯಾಕ ಎದ್ದಿಲ್ಲ? ಹೇಳ್ರಿ, ಯಾರಿಗಾರ ಗೊತ್ತದನೂ?"

ಅಕ್ಕನ ಮೆಣಸಿನಕಾಯಿಯ ಲೆಕ್ಕ ಇಲ್ಲಿ ನಿಂತುಹೋಗಿತ್ತು.

ಕಾಕಾ ತೊಟ್ಟಿಗೆ ಬಂದರು. ಹಿಟ್ಟಿನ ಚೂರನ್ನು ಕಿತ್ತು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರು. ನಾಲಿಗೆಯ ತುದಿಗೆ ಇಟ್ಟುಕೊಂಡರು. ಮುಖದ ಮೇಲೆ ಏನೋ ಬದಲಾಯಿತು.

"ಕಾಳು ಹಂಗೇ ಅದಾವಲೇ. ಇದು ಟಿನ್ನಿಂದು ಹೌದಿಲ್ಲೋ?"

"ಹೌದ್ರಿ."

"ನಾ ಹೈದರಾಬಾದಿನ್ಯಾಗ ಕಲಿಯೋವಾಗ ಇದೇ ಇತ್ತು. ಇದು ನಿನ್ನ ಪಾಕೀಟಿನ ಪುಡಿ ಅಲ್ಲ. ಇದು ಮಲಗಿದ್ದ ಈಸ್ಟ್. ಬೆಚ್ಚನ ನೀರಾಗ ಎಬ್ಬಿಸಿ ಹಾಕಬೇಕು. ಮಲಗಿದ್ದಕ್ಕ ನೀ ಬರ್ಫಿನ ನೀರು ಹೊಯ್ದ್ರ ಮತ್ತಿಷ್ಟು ಚಾದರ ಎಳ್ಕೊಂತದ." ಸಾವ್ಕಾರರ ಕಡೆ ತಿರುಗಿ, "ಅರ್ಧ ತಾಸು ಕೊಡ್ರಿ," ಎಂದರು.

ಅರ್ಧ ಲೀಟರ್ ನೀರು ಕಾಯಿಸಿದೆವು. ಕಾಕಾ ಮುಂಗೈ ಅದ್ದಿ, ಕೂಸಿಗೆ ಎರೆಯುವ ನೀರಿಗಿಂತ ಒಂದು ಚೂರು ಬಿಸಿ ಇರಲಿ, ಕೈ ಸುಡಬಾರದು ಎಂದರು. ಚಿಟಿಕೆ ಸಕ್ಕರೆ. ಟಿನ್ನಿನಿಂದ ಎಂಬತ್ತು ಗ್ರಾಂ. ಪೂರ್ತಿ ಯಾಕೆ ಬೇಡ ಎಂದು ಕೇಳಿದ್ದಕ್ಕೆ, ಹಿಟ್ಟಿನೊಳಗೆ ಇದ್ದದ್ದೂ ಕಾವು ಹತ್ತಿದ ಮೇಲೆ ಒಂದಿಷ್ಟು ಏಳುತ್ತದೆ, ಎರಡೂ ಸೇರಿದರೆ ಸೋಮವಾರದ ಕತೆಯೇ ಎಂದರು. ಹತ್ತು ನಿಮಿಷ ನಾಲ್ವರೂ ಒಂದು ಪಾತ್ರೆಯೊಳಗೆ ನೋಡುತ್ತ ನಿಂತೆವು. ಮೊದಲು ಕಾಳು ತಳಕ್ಕೆ ಹೋದವು. ಆಮೇಲೆ ಒಂದೊಂದೇ ಬಿಚ್ಚಿ, ನೀರು ಕೆಸರಿನ ಬಣ್ಣಕ್ಕೆ ತಿರುಗಿ, ಮೇಲೆ ನೊರೆ ಕಟ್ಟಿತು. ಹಾಲು ಉಕ್ಕುವ ಮೊದಲಿನ ನೊರೆಯಂತೆ, ಬೆರಳು ದಪ್ಪ.

"ಎದ್ದಾನ ನೋಡ್ರಿ," ಎಂದರು ಕಾಕಾ.

ಆ ನೀರನ್ನು ಹಿಟ್ಟಿಗೆ ಹೊಯ್ದು, ಹೆಚ್ಚಾದ ನೀರಿಗೆ ಮುಕ್ಕಾಲು ಕೆಜಿಯ ಮೇಲೆ ಸ್ವಲ್ಪ ಮೈದಾ ಸೇರಿಸಿ, ಮಶೀನು ಮತ್ತೆ ತಿರುಗಿಸಿದೆವು. ಈ ಸಲ ಗಡಿಯಾರ ನೋಡುವ ಬದಲು ಕಾಕಾ ಹತ್ತು ಹತ್ತು ನಿಮಿಷಕ್ಕೆ ಬೆರಳು ಒತ್ತಿ ನೋಡಿದರು. ಹನ್ನೆರಡಕ್ಕೆ ಹಿಟ್ಟು ಎರಡರಷ್ಟಾಗಿತ್ತು. ಎರಡೂಮುಕ್ಕಾಲಿಗೆ ಕೊನೆಯ ಟ್ರೇ ಭಟ್ಟಿಯಿಂದ ಹೊರಬಂತು. ಮೊದಲಿನ ಪಾವನ್ನೂ ಇದನ್ನೂ ಪಕ್ಕಪಕ್ಕ ಇಟ್ಟರೆ ನನಗೇ ವ್ಯತ್ಯಾಸ ಹೇಳಲಾಗಲಿಲ್ಲ. ನಾಲ್ಕಕ್ಕೆ ಐದು ನಿಮಿಷವಿರುವಾಗ ಟೆಂಪೋ ಹೊರಟಿತು. ಅಕ್ಕ ಎರಡು ಸಲ ಎಣಿಸಿ ಎಂಟುನೂರ ನಾಲ್ಕು ಕಟ್ಟಿದ್ದಳು.

ಸಾವ್ಕಾರರು ನಮ್ಮ ಎದುರಿಗೇ ಸುರಪುರಕ್ಕೆ ಮತ್ತೆ ಫೋನ್ ಮಾಡಿದರು. "ಬರೂದು ಬ್ಯಾಡ ಮಾಸ್ಟರ್. ಇಲ್ಲಿ ಮರಿವು ಬಂದದ್ದು ಬ್ಯಾರೆದವರಿಗಿ." ಹಾಗೆಂದು ನನ್ನನ್ನು ನೋಡಿದರು. "ಆ ರಟ್ಟು ಕಿತ್ತು ಹೊಸಾದು ಬರಿ. ಈ ಸಲ ಪೂರಾ ಬರಿ." ನನ್ನನ್ನು ಓಡಿಸುವ ಮಾತು ಅವರ ಬಾಯಿಂದ ಬರಲಿಲ್ಲ. ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಟಿನ್ನಿನ ಸರಿಯಾದ ತೂಕವನ್ನು ಕಾಕಾ ಮರುದಿನ ಹೇಳಿದರು: ಹಸಿ ಹತ್ತಕ್ಕೆ ಟಿನ್ನಿಂದು ನಾಲ್ಕು. ಅಂದರೆ ಮುನ್ನೂರಕ್ಕೆ ನೂರಾ ಇಪ್ಪತ್ತು. ಪುಡಿ ಈಸ್ಟಿಗಿಂತ ಅದು ಕಾಲು ಪಾಲು ಹೆಚ್ಚು ಬೇಕೆಂದು ನಾನು ಮುಂದೆ ಒಂದು ಕಡೆ ಓದಿದೆ, ಆ ಲೆಕ್ಕಕ್ಕೆ ನೂರಾ ಇಪ್ಪತ್ತೈದು. ಆ ಕಾಳಿನ ಹೊರಪದರದ ಈಸ್ಟ್ ಒಣಗಿಸುವಾಗಲೇ ಸತ್ತಿರುತ್ತದಂತೆ. ಜೀವ ಇರುವುದು ಒಳಗೆ. ಐದು ಗ್ರಾಮಿನ ವ್ಯತ್ಯಾಸ ಹದಿನೈದು ಕೆಜಿ ಹಿಟ್ಟಿಗೆ ತಿಳಿಯುವುದಿಲ್ಲ. ನಾನು ಕಾಕಾ ಹೇಳಿದ್ದನ್ನೇ ಬರೆದೆ.

ಹೊಸ ರಟ್ಟಿನ ಮೇಲೆ ಹೀಗಿದೆ. ಹಸಿ ಈಸ್ಟ್ ಆದರೆ ಮುನ್ನೂರು, ಹುಡಿ ಮಾಡಿ ನೀರಲ್ಲಿ ಕದಡಿ. ಇನ್‌ಸ್ಟಂಟ್ ಪುಡಿ ಆದರೆ ನೂರು, ನೇರ ಮೈದಾಕ್ಕೆ, ಬರ್ಫಿನ ನೀರು ಅದರ ಮೇಲೆ ನೇರ ಬೀಳದಂತೆ, ಒಂದು ಗ್ಲಾಸ್ ನೀರು ಹೆಚ್ಚು. ಟಿನ್ನಿನ ಆ್ಯಕ್ಟಿವ್ ಡ್ರೈ ಆದರೆ ನೂರಾ ಇಪ್ಪತ್ತು, ಬೆಚ್ಚನೆ ನೀರಲ್ಲಿ ಹತ್ತು ನಿಮಿಷ, ನೊರೆ ಬಾರದಿದ್ದರೆ ಹಾಕಬೇಡ. ನೀರು ಮುಕ್ಕಾಲು ಗ್ಲಾಸಿನ ಮೇಲೆ ಒಂಚೂರು ಹೆಚ್ಚು, ನೆನೆಸಿದ ನೀರನ್ನು ಒಟ್ಟು ನೀರಿನಲ್ಲಿ ಎಣಿಸು. ಓದಿ ಹೇಳು ಎಂದು ಕಾಕಾ ಮೂರು ಸಲ ಓದಿಸಿದರು. ಮೂರನೆಯ ಸಲ, "ಹಾಂ, ಈಗ ನಾ ಇಲ್ಲಂದ್ರೂ ನಡೀತದ," ಎಂದರು.

ಆ ಮಳೆಗಾಲದಲ್ಲಿ ಕಾಕಾ ಒಂದು ಕಣ್ಣಿನ ಪೊರೆ ತೆಗೆಸಿಕೊಂಡರು. ಕರೆದುಕೊಂಡು ಹೋದವನು ನಾನು. ಪಟ್ಟಿ ಬಿಚ್ಚಿದ ಮರುವಾರ ಬೇಕರಿಗೆ ಬಂದು, ರಟ್ಟಿನ ಮುಂದೆ ಬಹಳ ಹೊತ್ತು ನಿಂತು, "ನಿನ್ನ ಅಕ್ಷರ ಚಂದ ಅದಾವಲೇ," ಎಂದರು. ಓದಲು ಬಾರದಿದ್ದರೂ ಹಾಗೆಂದರು. ಇನ್ನೆರಡು ವರ್ಷ ಭಟ್ಟಿಯ ಮುಂದೆ ನಿಂತರು. ಸಲಾಕೆಯನ್ನು ತಾವೇ ನನ್ನ ಕೈಗೆ ಕೊಟ್ಟು ಮನೆಗೆ ಹೋದರು. ಹೋದ ಚಳಿಗಾಲದಲ್ಲಿ ತಮ್ಮ ಊರಲ್ಲಿ, ಮಕ್ಕಳ ನಡುವೆ ತೀರಿಕೊಂಡರು.

ಆ ಬುಧವಾರ ಪಾತ್ರೆಯ ಸುತ್ತ ನಿಂತವರು ನಾಲ್ವರು. ಕಾಕಾ ಇಲ್ಲ. ಗೋಗಿಯ ಅಕ್ಕ ಇದ್ದಾಳೆ, ಈಗಲೂ ಮುಂಜಾನೆಯ ಆಟೋದಲ್ಲಿ ಬರುತ್ತಾಳೆ, ಬುತ್ತಿಯಲ್ಲಿ ನನಗೊಂದು ರೊಟ್ಟಿ ಹೆಚ್ಚಿಗೆ ತರುತ್ತಾಳೆ. ಸಾವ್ಕಾರರು ಇದ್ದಾರೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂಡುತ್ತಾರೆ. ನಾನಿದ್ದೇನೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವರಿಬ್ಬರನ್ನು ಕೇಳಬಹುದು.